ನಾಮಿನಿ ಎಂಬ ಖಾನೆಯ ಕೆಳಗೆ ಒಂದು ಸಾಲು ಬೇಕು: ರಿಸರ್ವ್ ಬ್ಯಾಂಕಿಗೂ ವಿಮಾ ಪ್ರಾಧಿಕಾರಕ್ಕೂ ಬಹಿರಂಗ ಪತ್ರ

ಗೆ,
ಗೌರವಾನ್ವಿತ ಗವರ್ನರ್ ಅವರಿಗೆ, ಭಾರತೀಯ ರಿಸರ್ವ್ ಬ್ಯಾಂಕ್
ಗೌರವಾನ್ವಿತ ಅಧ್ಯಕ್ಷರಿಗೆ, ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ

ಮಾನ್ಯರೇ,

ವಿಷಯ: ಠೇವಣಿ ಮತ್ತು ವಿಮೆಯ ಅರ್ಜಿಗಳಲ್ಲಿ ನಾಮಿನಿಯ ಹಕ್ಕು ಎಷ್ಟು ಎಂಬುದನ್ನು ಗ್ರಾಹಕರ ಭಾಷೆಯಲ್ಲಿ ತಿಳಿಸುವ ಕುರಿತು.

ನಾನು ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ಗುಮಾಸ್ತ. 31 ವರ್ಷಗಳ ಸೇವೆಯಲ್ಲಿ ಎಷ್ಟು ಠೇವಣಿ ಅರ್ಜಿಗಳನ್ನು ತುಂಬಿಸಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಆದರೆ ನಾಮಿನಿಯ ಖಾನೆಗೆ ಬಂದಾಗ ಗ್ರಾಹಕರನ್ನು ಕೇಳುತ್ತಿದ್ದ ಪ್ರಶ್ನೆ ಮಾತ್ರ ಇಂದಿಗೂ ಬಾಯಲ್ಲೇ ಇದೆ: "ನಾಳೆ ನಿಮಗೆ ಏನಾದರೂ ಹೆಚ್ಚುಕಡಿಮೆ ಆದರೆ ದುಡ್ಡು ಯಾರಿಗೆ ಹೋಗಬೇಕು?" ನನ್ನ ಪಕ್ಕದ ಕೌಂಟರಿನವರೂ ಹೀಗೆಯೇ ಕೇಳುತ್ತಿದ್ದರು, ನನಗೆ ಕೆಲಸ ಕಲಿಸಿದ ಹಿರಿಯರೂ ಹೀಗೆಯೇ ಕೇಳುತ್ತಿದ್ದರು. ಈ ಪ್ರಶ್ನೆಯೇ ತಪ್ಪು ಎಂಬುದು ನಿವೃತ್ತನಾದ ಮೇಲೆ, ಒಂದು ಮನೆ ಒಡೆಯುವುದನ್ನು ಹತ್ತಿರದಿಂದ ಕಂಡಾಗ ನನಗೆ ಅರಿವಾಯಿತು. ಕಾನೂನು ನಾಮಿನಿಯ ಬಗ್ಗೆ ಕೇಳುವುದು "ದುಡ್ಡು ಯಾರಿಗೆ ಹೋಗಬೇಕು" ಎಂದಲ್ಲ, "ದುಡ್ಡನ್ನು ಯಾರ ಕೈಗೆ ಕೊಡಬೇಕು" ಎಂದು. ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿ ಸಿಕ್ಕಿಬಿದ್ದ ಒಬ್ಬ ಹೆಣ್ಣುಮಗಳ ಸಂಗತಿಯನ್ನು ತಮ್ಮ ಮುಂದಿಟ್ಟು, ಕೆಲವು ವಿನಂತಿಗಳನ್ನು ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಬೀದಿಯ ಯುವಕನೊಬ್ಬ 2014ರಲ್ಲಿ, ಮದುವೆಗೆ ಮೊದಲು, ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟು ತನ್ನ ಅಣ್ಣನನ್ನು ನಾಮಿನಿ ಮಾಡಿದ್ದ. ಅದೇ ವರ್ಷ ಒಂದು ಜೀವ ವಿಮಾ ಪಾಲಿಸಿ ಮಾಡಿಸಿ ತಾಯಿಯ ಹೆಸರನ್ನು ನಾಮಿನಿಯಾಗಿ ಬರೆಸಿದ್ದ. ತಂದೆ ಆಗಲೇ ತೀರಿಕೊಂಡಿದ್ದರು. ಅಣ್ಣ, ತಾಯಿ ಬಿಟ್ಟರೆ ಅವನಿಗೆ ಬರೆಸಲು ಬೇರೆ ಹೆಸರೂ ಇರಲಿಲ್ಲ. 2016ರಲ್ಲಿ ಮದುವೆಯಾಯಿತು, ಇಬ್ಬರು ಮಕ್ಕಳಾದರು. ಠೇವಣಿ ಅವಧಿ ಮುಗಿದಾಗಲೆಲ್ಲ ನವೀಕರಣವಾಯಿತು, ನವೀಕರಣವಾದಾಗಲೆಲ್ಲ ಹಳೆಯ ನಾಮಿನಿಯ ಹೆಸರೇ ಮುಂದುವರಿಯಿತು. ಬದಲಾಯಿಸಬೇಕೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಮದುವೆಯಾದೊಡನೆ ಹೆಂಡತಿಯ ಹಕ್ಕು ತಾನಾಗಿಯೇ ಬಂದುಬಿಡುತ್ತದೆ ಎಂದು ಅವನೂ ಭಾವಿಸಿದ್ದಿರಬೇಕು. 2024ರ ನವೆಂಬರಿನಲ್ಲಿ ಅವನು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಉಯಿಲು ಬರೆದಿರಲಿಲ್ಲ. ಠೇವಣಿಯಲ್ಲಿ ಬಡ್ಡಿ ಸೇರಿ 8 ಲಕ್ಷ ರೂಪಾಯಿ ಇತ್ತು, ವಿಮೆಯಿಂದ 10 ಲಕ್ಷ ಬರಬೇಕಿತ್ತು.

ಅಣ್ಣ ಮರಣ ಪ್ರಮಾಣಪತ್ರವನ್ನೂ ತನ್ನ ಗುರುತಿನ ದಾಖಲೆಯನ್ನೂ ಕೊಟ್ಟು ಅರ್ಜಿ ಹಾಕಿದ; ಹನ್ನೆರಡನೆಯ ದಿನ 8 ಲಕ್ಷ ಅವನ ಖಾತೆಗೆ ಬಂತು. ಈ ನಡುವೆ ವಿಧವೆ ಶಾಖೆಗೆ ಹೋಗಿ ಒಂದು ತಕರಾರು ಅರ್ಜಿ ಕೊಟ್ಟು, ಮೊಹರು ಹಾಕಿದ ಪ್ರತಿಯನ್ನೂ ಪಡೆದಿದ್ದಳು. ಹಣ ಹೋದ ಮೇಲೆ ವಿಚಾರಿಸಿದಾಗ ಅವಳಿಗೆ ಸಿಕ್ಕ ಉತ್ತರ: "ನಾಮಿನಿ ಅವರೇ ಇದ್ದಾರಲ್ಲಮ್ಮ, ಈ ದುಡ್ಡಿನಲ್ಲಿ ನಿಮಗೆ ಹಕ್ಕಿಲ್ಲ." ಅವಳು ಆ ಮಾತನ್ನು ನಂಬಿದಳು. ಎಂಟು ತಿಂಗಳು ನಂಬಿಕೊಂಡೇ ಇದ್ದಳು.

ಮಾನ್ಯರೇ, ಶಾಖೆಯವರು ಅಣ್ಣನಿಗೆ ಹಣ ಕೊಟ್ಟದ್ದರಲ್ಲಿ ನನ್ನ ಆಕ್ಷೇಪವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಆ ಕುರ್ಚಿಯಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ಜೆಡ್‌ಎ ಕಲಮಿನಂತೆ, ಠೇವಣಿದಾರ ತೀರಿಕೊಂಡ ಮೇಲೆ ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಅಲ್ಲಿಗೆ ಮುಗಿಯುತ್ತದೆ. ಅದೇ ಕಾಯ್ದೆಯ 45ಜೆಡ್‌ಬಿ ಕಲಮಿನಂತೆ, ಠೇವಣಿ ಯಾರ ಹೆಸರಿನಲ್ಲಿದೆಯೋ ಅವರನ್ನು ಬಿಟ್ಟು ಬೇರೆಯವರು ಕೊಡುವ ಹಕ್ಕಿನ ನೋಟಿಸನ್ನು ಬ್ಯಾಂಕು ಪರಿಗಣಿಸಬೇಕಿಲ್ಲ. ನ್ಯಾಯಾಲಯದ ಆದೇಶ ಅಥವಾ ಡಿಕ್ರಿ ಬಂದರೆ ಮಾತ್ರ ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಅಂದರೆ ಆ ಹೆಣ್ಣುಮಗಳು ಜೋಪಾನವಾಗಿ ಇಟ್ಟುಕೊಂಡಿದ್ದ ಮೊಹರಿನ ಪ್ರತಿಗೆ ಹಣವನ್ನು ತಡೆಯುವ ಶಕ್ತಿ ಇರಲೇ ಇಲ್ಲ. ತಡೆಯಬೇಕಿದ್ದರೆ ಆ ಹನ್ನೆರಡು ದಿನಗಳೊಳಗೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರಬೇಕಿತ್ತು. ಗಂಡನ ತಿಥಿಯೂ ಮುಗಿದಿರದ ಹೊತ್ತಿನಲ್ಲಿ ವಕೀಲರ ಮನೆ ಬಾಗಿಲಿಗೆ ಹೋಗು ಎಂದು ಅವಳಿಗೆ ಹೇಳುವವರು ಯಾರಿದ್ದರು? ತಕರಾರು ಅರ್ಜಿಯನ್ನು ಪಡೆದು ಮೊಹರು ಒತ್ತಿದ ಸಿಬ್ಬಂದಿಯಾದರೂ "ಇದರಿಂದ ಹಣ ನಿಲ್ಲುವುದಿಲ್ಲ, ಕೋರ್ಟಿನ ಆದೇಶ ಬೇಕು" ಎಂದಿದ್ದರೆ ಸಾಕಿತ್ತು.

ನನ್ನ ದೂರು ಇರುವುದು "ನಿಮಗೆ ಹಕ್ಕಿಲ್ಲ" ಎಂಬ ಮಾತಿನ ಬಗ್ಗೆ. 45ಜೆಡ್‌ಎ ಕಲಮಿನಲ್ಲಿ ನಾಮಿನಿಗೆ ಠೇವಣಿದಾರನ ಎಲ್ಲ ಹಕ್ಕುಗಳೂ ಬರುತ್ತವೆ ಎಂಬ ಅರ್ಥದ ಮಾತಿರುವುದು ನಿಜ. ಅದನ್ನೇ ಹಿಡಿದು, ಹಣ ತನ್ನದೇ ಎಂದು ನಾಮಿನಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 2010ರ ರಾಮಚಂದರ್ ತಲ್ವಾರ್ ಪ್ರಕರಣದಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಆ ಎಲ್ಲ ಹಕ್ಕುಗಳೂ ಬ್ಯಾಂಕಿನಿಂದ ಹಣ ಪಡೆಯುವುದಕ್ಕಷ್ಟೇ ಸೀಮಿತ, ಒಡೆತನ ನಾಮಿನಿಗೆ ಬರುವುದಿಲ್ಲ, ಹಣವು ಸತ್ತವರ ಆಸ್ತಿಯ ಭಾಗವಾಗಿಯೇ ಉಳಿದು ಅವರಿಗೆ ಅನ್ವಯಿಸುವ ಉತ್ತರಾಧಿಕಾರ ಕಾನೂನಿನಂತೆ ಹಂಚಿಕೆಯಾಗಬೇಕು ಎಂದಿತು. ರಿಸರ್ವ್ ಬ್ಯಾಂಕ್ ಅದಕ್ಕೂ ಮೊದಲೇ, 2005ರ ಜೂನ್ ತಿಂಗಳ ಸುತ್ತೋಲೆಯಲ್ಲಿ, ನಾಮಿನಿಯು ಹಣವನ್ನು ವಾರಸುದಾರರ ಟ್ರಸ್ಟಿಯಾಗಿ ಪಡೆಯುತ್ತಿದ್ದಾನೆ ಎಂಬುದನ್ನು ಅವನಿಗೆ ಸ್ಪಷ್ಟಪಡಿಸಿಯೇ ಹಣ ಕೊಡಬೇಕು ಎಂದು ಹೇಳಿತ್ತು. ಆ ಸುತ್ತೋಲೆ ನಮ್ಮ ಶಾಖೆಗೂ ಬಂದಿತ್ತು. ಅದರಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು "15 ದಿನಗಳೊಳಗೆ ಇತ್ಯರ್ಥಪಡಿಸಿ, ನಾಮಿನಿ ಇದ್ದರೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬೇಡಿ" ಎಂಬ ಭಾಗ ಮಾತ್ರ, ಏಕೆಂದರೆ ತಪಾಸಣೆಗೆ ಬಂದವರು ಕೇಳುತ್ತಿದ್ದುದು ಅದನ್ನು ಮಾತ್ರ. ಟ್ರಸ್ಟಿಯ ಮಾತನ್ನು ನಾವು ಯಾರಿಗೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

2025ರ ಆಗಸ್ಟಿನಲ್ಲಿ ಅವಳು ಮಕ್ಕಳ ಶಾಲೆಯ ಶುಲ್ಕದ ವಿಷಯ ಮಾತಾಡಲು ನಮ್ಮ ಮನೆಗೆ ಬಂದಾಗ ಈ ಕಥೆ ಹೊರಬಿತ್ತು. ನಾನು ಅಣ್ಣನನ್ನು ಕರೆಸಿ, ಅವನು ಬ್ಯಾಂಕಿಗೆ ಕೊಟ್ಟಿದ್ದ ಅರ್ಜಿಯ ಪ್ರತಿಯನ್ನು ನೋಡಿದೆ. ಹಣವನ್ನು ವಾರಸುದಾರರ ಟ್ರಸ್ಟಿಯಾಗಿ ಪಡೆಯುತ್ತಿದ್ದೇನೆ ಎಂಬ ಸಾಲು ಅಲ್ಲಿತ್ತು. ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಪುಟದ ಕೊನೆಯಲ್ಲಿ, ಅವನ ಸಹಿಯ ಮೇಲೆಯೇ ಇತ್ತು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಅವನಿಗೆ ತಾನು ಯಾವುದಕ್ಕೆ ಸಹಿ ಹಾಕಿದ್ದೇನೆಂಬುದೇ ತಿಳಿದಿರಲಿಲ್ಲ. ಹಣದಲ್ಲಿ ಹೆಚ್ಚಿನ ಪಾಲನ್ನು ಅವನು ಹಳೆಯ ಮನೆಗೆ ಆರ್‌ಸಿಸಿ ಚಾವಣಿ ಹಾಕಿಸಲು ಖರ್ಚು ಮಾಡಿಬಿಟ್ಟಿದ್ದ. "ತಮ್ಮ ನನ್ನ ಹೆಸರಿಗೆ ಬರೆದದ್ದು ಅಂತ ತಿಳಿದಿದ್ದೆ ಸರ್. ಬ್ಯಾಂಕಿನವರೂ ಹಾಗೇ ಅಂದರು. ಮೊದಲೇ ಗೊತ್ತಿದ್ದರೆ ಮನೆಗೆ ಕೈ ಹಾಕುತ್ತಿರಲಿಲ್ಲ" ಎಂದ. ನಾನು ಅವನ ಮಾತನ್ನು ನಂಬುತ್ತೇನೆ. ಅವನು ಮೋಸಗಾರನಾಗಿದ್ದರೆ ಈ ಪತ್ರವನ್ನು ತಮಗೆ ಬರೆಯುವ ಅಗತ್ಯವಿರಲಿಲ್ಲ, ಪೊಲೀಸರಿಗೆ ಬರೆದರೆ ಸಾಕಿತ್ತು.

ಈ 8 ಲಕ್ಷ ಯಾರದ್ದು ಎಂಬ ಲೆಕ್ಕ ಕಷ್ಟದ್ದೇನೂ ಅಲ್ಲ. ಅವನ ಸ್ವಯಾರ್ಜಿತ ಹಣ, ಉಯಿಲು ಇಲ್ಲ, ಹಿಂದೂ ಕುಟುಂಬ. ಆದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಂತೆ ತಾಯಿ, ಹೆಂಡತಿ, ಮಕ್ಕಳು ಮೊದಲ ವರ್ಗದ ವಾರಸುದಾರರು ಮತ್ತು ಪ್ರತಿಯೊಬ್ಬರದೂ ಸಮಪಾಲು. ಇಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು ಸೇರಿ ನಾಲ್ಕು ಪಾಲು, ಪಾಲಿಗೆ 2 ಲಕ್ಷ. ವಿಧವೆಗೂ ಮಕ್ಕಳಿಗೂ ಸೇರಿ 6 ಲಕ್ಷ ಬರಬೇಕು, ತಾಯಿಗೆ 2 ಲಕ್ಷ. ಮೊದಲ ವರ್ಗದವರು ಇರುವಾಗ ಅಣ್ಣನಿಗೆ ಪಾಲೇ ಇಲ್ಲ. ಪೂರ್ತಿ ಹಣವನ್ನು ಕೈಯಲ್ಲಿ ಹಿಡಿದವನಿಗೆ ಕಾನೂನಿನಲ್ಲಿ ಸಲ್ಲುವುದು ಸೊನ್ನೆ. ಮುಸ್ಲಿಂ ಅಥವಾ ಕ್ರೈಸ್ತ ಕುಟುಂಬವಾಗಿದ್ದರೆ ಪಾಲಿನ ಲೆಕ್ಕ ಬೇರೆಯಾಗುತ್ತಿತ್ತು. ನಾಮಿನಿಯ ಸ್ಥಾನ ಮಾತ್ರ ಇಷ್ಟೇ ಆಗಿರುತ್ತಿತ್ತು.

ಇನ್ನು ವಿಮೆಯ ವಿಷಯ. ಇಲ್ಲಿ ಗೊಂದಲಕ್ಕೆ ಸಿಬ್ಬಂದಿಯನ್ನು ಮಾತ್ರ ದೂಷಿಸುವಂತಿಲ್ಲ, ಕಾನೂನೇ ದಾರಿ ಬದಲಿಸಿದೆ. 1938ರ ವಿಮಾ ಕಾಯ್ದೆಯ 39ನೆಯ ಕಲಮಿನ ಬಗ್ಗೆ ಸುಪ್ರೀಂ ಕೋರ್ಟು 1983ರಲ್ಲಿ, ಸರ್ಬತಿ ದೇವಿ ಪ್ರಕರಣದಲ್ಲಿ, ವಿಮೆಯ ನಾಮಿನಿಯೂ ಹಣವನ್ನು ಸ್ವೀಕರಿಸುವ ಕೈ ಮಾತ್ರ ಎಂದು ತೀರ್ಮಾನಿಸಿತ್ತು. 2015ರ ತಿದ್ದುಪಡಿಯು ಅದೇ ಕಲಮಿಗೆ ಹೊಸ ಮಾತು ಸೇರಿಸಿತು: ಪಾಲಿಸಿದಾರರು ತಂದೆ ತಾಯಿಯನ್ನೋ ಗಂಡ ಅಥವಾ ಹೆಂಡತಿಯನ್ನೋ ಮಕ್ಕಳನ್ನೋ ನಾಮಿನಿ ಮಾಡಿದ್ದರೆ, ಆ ಹಣದ ಪ್ರಯೋಜನದ ಹಕ್ಕೂ ಅವರಿಗೇ ಸಲ್ಲುತ್ತದೆ. ಅಣ್ಣ, ತಮ್ಮ, ಅಕ್ಕ, ತಂಗಿ ಈ ಪಟ್ಟಿಯಲ್ಲಿಲ್ಲ. ವಿಮಾ ಕಚೇರಿಯವರು ಈ ತಿದ್ದುಪಡಿಯನ್ನು ಓದಿಕೊಂಡೇ ಆ ತಾಯಿಗೆ 10 ಲಕ್ಷ ಕೊಟ್ಟು, "ಇದು ನಿಮ್ಮದೇ ಅಜ್ಜಿ, ಯಾರೂ ಕೇಳುವ ಹಾಗಿಲ್ಲ" ಎಂದು ಕಳುಹಿಸಿದರು.

ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದ ಪ್ರಕರಣ ಹೆಚ್ಚುಕಡಿಮೆ ನಮ್ಮ ಬೀದಿಯದೇ ಆಗಿತ್ತು. ಅಲ್ಲಿಯೂ ಮಗ ತಾಯಿಯನ್ನು ನಾಮಿನಿ ಮಾಡಿದ್ದ, ಆಮೇಲೆ ಮದುವೆಯಾಗಿ ಮಗುವಾಗಿತ್ತು, ನಾಮಿನಿಯ ಹೆಸರು ಬದಲಾಗದೆ ಅವನು ತೀರಿಕೊಂಡಿದ್ದ. ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೆಯ ಒಂದು ಪಾಲು ಎಂದು ಕೆಳಗಿನ ನ್ಯಾಯಾಲಯ ಹೇಳಿದ್ದನ್ನು ಹೈಕೋರ್ಟು ಎತ್ತಿಹಿಡಿಯಿತು. ವಾರಸುದಾರರು ಹಕ್ಕು ಕೇಳದಿದ್ದರೆ ಪ್ರಯೋಜನದ ನಾಮಿನಿಗೆ ಹಣ ಉಳಿಯಬಹುದು. ಅವರು ಹಕ್ಕು ಕೇಳಿದರೆ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನಿಗೆ ಮಣಿಯಬೇಕು, 39ನೆಯ ಕಲಮು ಆ ಕಾನೂನನ್ನು ಅಳಿಸಿಹಾಕುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಇದು ಕರ್ನಾಟಕದ ಕೆಳ ನ್ಯಾಯಾಲಯಗಳು ಪಾಲಿಸಬೇಕಾದ ತೀರ್ಪು. ಗಡಿಯಾಚೆಯ ಸಂಬಂಧಿಕರಿಗೆ, ಮಹಾರಾಷ್ಟ್ರದ ನ್ಯಾಯಾಲಯದಲ್ಲಿ, ಇದೇ ಉತ್ತರ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ.

ಈ ತೀರ್ಪಿನ ಒಂದು ಅಂಶ ನನ್ನನ್ನು ಬಹಳ ಕಾಡಿದೆ. ಹಕ್ಕು ಕೇಳಿದರೆ ಮಾತ್ರ ಪಾಲು ಎಂದ ಮೇಲೆ, "ಕೇಳುವ ಹಾಗಿಲ್ಲ" ಎಂದು ಕೌಂಟರಿನಲ್ಲಿ ಹೇಳುವ ಒಂದು ಮಾತೇ ಒಬ್ಬರ ಪಾಲನ್ನು ಕಳೆದುಬಿಡಬಲ್ಲದು. ನಮ್ಮ ಪ್ರಕರಣದಲ್ಲಿ 10 ಲಕ್ಷದಲ್ಲಿ ಪಾಲಿಗೆ ಎರಡೂವರೆ ಲಕ್ಷ. ವಿಧವೆ ಮತ್ತು ಮಕ್ಕಳ ಏಳೂವರೆ ಲಕ್ಷ ಅವಳು ಬಾಯಿ ತೆರೆದು ಕೇಳುವುದರ ಮೇಲೆ ನಿಂತಿತ್ತು. ಆ ತಾಯಿಯಾದರೋ 10 ಲಕ್ಷವನ್ನೂ ತನ್ನ ಹೆಸರಿನಲ್ಲಿ ಠೇವಣಿ ಇಟ್ಟು, ಉಳಿದಿರುವ ಹಿರಿಯ ಮಗನನ್ನೇ ನಾಮಿನಿ ಮಾಡಿ ಬಂದಿದ್ದರು. ಅಂದರೆ ಅದೇ ತಪ್ಪು ತಿಳಿವಳಿಕೆ ಇನ್ನೊಂದು ತಲೆಮಾರಿಗೆ ನವೀಕರಣವಾಗಿತ್ತು. ಉಯಿಲು ಬರೆಯದೆ ಅವರು ತೀರಿಕೊಂಡರೆ, ಸತ್ತ ಮಗನ ಮಕ್ಕಳಿಗೂ ಅಜ್ಜಿಯ ಹಣದಲ್ಲಿ ಹಕ್ಕಿದೆ ಎಂಬುದು ಅಲ್ಲಿ ಯಾರ ಮನಸ್ಸಿಗೂ ಬಂದಿರಲಿಲ್ಲ.

ಈಚಿನ ಎರಡು ಬದಲಾವಣೆಗಳ ಬಗ್ಗೆಯೂ ಹೇಳಬೇಕು. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಮೃತ ಗ್ರಾಹಕರ ಹಣದ ಇತ್ಯರ್ಥಕ್ಕೆ ಹೊಸ ನಿರ್ದೇಶನಗಳನ್ನು ಹೊರಡಿಸಿ, 15 ದಿನ ಮೀರಿದರೆ ಬ್ಯಾಂಕು ತಡವಾದದ್ದಕ್ಕೆ ಬಡ್ಡಿ ಕೊಡಬೇಕು ಎಂದಿತು. ಒಳ್ಳೆಯದೇ. ನಾಮಿನಿ ವ್ಯವಸ್ಥೆ ಇರುವುದೇ ಸಾವಿನ ಮನೆಯವರನ್ನು ಕೋರ್ಟಿಗೆ ಅಲೆಸಬಾರದೆಂದು, ನಾನು ಅದರ ವಿರೋಧಿಯಲ್ಲ. ಆದರೆ ಹಣ ಬೇಗ ಕೊಡದಿದ್ದರೆ ಮಾತ್ರ ದಂಡ ಬೀಳುವಲ್ಲಿ, ಕೊಡುವಾಗ ಹೇಳಬೇಕಾದ ಮಾತು ಬಿಟ್ಟುಹೋಗುವುದು ಇನ್ನೂ ಸುಲಭ.

ಎರಡನೆಯದು, 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಬರೆಯಬಹುದು. ಒಬ್ಬರಾದ ಮೇಲೆ ಒಬ್ಬರು ಎಂದೂ ಬರೆಯಬಹುದು, ಏಕಕಾಲಕ್ಕೆ ಇಂತಿಷ್ಟು ಶೇಕಡಾ ಎಂದು ಹಂಚಿಯೂ ಬರೆಯಬಹುದು. ಇದರಿಂದ ಅನುಕೂಲವಿದೆ, ಆ ಯುವಕ ತಾಯಿ, ಹೆಂಡತಿ, ಇಬ್ಬರು ಮಕ್ಕಳ ಹೆಸರನ್ನು ಶೇಕಡಾ 25ರಂತೆ ಬರೆದಿದ್ದರೆ ಹಣ ನೇರವಾಗಿ ಸರಿಯಾದ ಕೈಗಳಿಗೇ ಹೋಗುತ್ತಿತ್ತು. ಆದರೆ ಹೆಸರಿನ ಮುಂದೆ ಶೇಕಡಾ ಬರೆಯಿಸಿಕೊಳ್ಳುವ ಕಾಗದ ಯಾರ ಕಣ್ಣಿಗಾದರೂ ಉಯಿಲಿನಂತೆಯೇ ಕಾಣುತ್ತದೆ. ಹಿರಿಯ ಮಗನಿಗೆ 70, ಮಗಳಿಗೆ 30 ಎಂದು ಬರೆದ ತಂದೆ ತನ್ನ ಆಸ್ತಿಯ ಹಂಚಿಕೆ ಮುಗಿಯಿತೆಂದು ನಿಶ್ಚಿಂತನಾಗುತ್ತಾನೆ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಬ್ಯಾಂಕಿನ ಅರ್ಜಿ ಆ ಕೆಲಸವನ್ನು ಮಾಡುವುದಿಲ್ಲ ಎಂದು ಅವನಿಗೆ ಯಾರು ಹೇಳುತ್ತಾರೆ? ಹೊಸ ಅನುಕೂಲವೇ ಹಳೆಯ ಭ್ರಮೆಯನ್ನು ಗಟ್ಟಿಮಾಡುತ್ತದೆಂಬ ಭಯ ನನ್ನದು.

ಮದುವೆಯಾದ ಮೇಲೆ ಹಳೆಯ ನಾಮಿನಿ ಏಕೆ ಉಳಿಯಬೇಕು ಎಂಬುದು ಹೊಸ ಪ್ರಶ್ನೆಯೂ ಅಲ್ಲ. ನೌಕರರ ಭವಿಷ್ಯ ನಿಧಿಯ 1952ರ ಯೋಜನೆಯಲ್ಲಿ, ಕುಟುಂಬವಿಲ್ಲದಾಗ ಯಾರನ್ನಾದರೂ ನಾಮಿನಿ ಮಾಡಬಹುದು, ಆದರೆ ಮುಂದೆ ಕುಟುಂಬವಾದ ಕೂಡಲೇ ಆ ನಾಮನಿರ್ದೇಶನ ಅಸಿಂಧು ಎಂದು ಬರೆದಿದ್ದರು. ಕಾರ್ಖಾನೆಯ ಕೆಲಸಗಾರನ ವಿಧವೆಗೆ ಏಳು ದಶಕಗಳ ಹಿಂದೆ ಸಿಕ್ಕ ಈ ರಕ್ಷಣೆ ಬ್ಯಾಂಕಿನಲ್ಲಿ ದುಡ್ಡಿಟ್ಟವನ ವಿಧವೆಗೆ ಇಲ್ಲ. ಕಾಯ್ದೆ ಬದಲಾಯಿಸುವುದು ಸಂಸತ್ತಿನ ಕೆಲಸ, ತಮ್ಮದಲ್ಲ ಎಂದು ಬಲ್ಲೆ. ಆದರೆ ಠೇವಣಿ ನವೀಕರಣವಾಗುವಾಗಲೆಲ್ಲ, ಗ್ರಾಹಕರ ಕೆವೈಸಿ ವಿವರ ಪರಿಷ್ಕರಿಸುವಾಗಲೆಲ್ಲ, "ನಿಮ್ಮ ನಾಮಿನಿ ಇಂಥವರು, ಮದುವೆ ಅಥವಾ ಮಕ್ಕಳಾದ ಮೇಲೆ ಬದಲಾಯಿಸಬೇಕೇ?" ಎಂದು ಕೇಳಿ ಸಹಿ ಪಡೆಯಬೇಕೆಂದು ಬ್ಯಾಂಕುಗಳಿಗೆ ಸೂಚಿಸಲು ಕಾಯ್ದೆ ಅಡ್ಡಬರುವುದಿಲ್ಲ.

ಗವರ್ನರ್ ಅವರಲ್ಲಿ ನನ್ನ ಮುಖ್ಯ ವಿನಂತಿ ಒಂದು ಸಾಲಿನದು. ನಾಮನಿರ್ದೇಶನದ ಅರ್ಜಿಯಲ್ಲೂ ಹಣ ಕೇಳುವ ಅರ್ಜಿಯಲ್ಲೂ, ಸಹಿಯ ಜಾಗದ ಮೇಲೆ, ಆಯಾ ರಾಜ್ಯದ ಭಾಷೆಯಲ್ಲಿ, ಉಳಿದ ಅಕ್ಷರಗಳಷ್ಟೇ ದೊಡ್ಡದಾಗಿ ಇದನ್ನು ಅಚ್ಚು ಮಾಡಿಸಬೇಕು: "ನಾಮಿನಿಯು ಈ ಹಣವನ್ನು ವಾರಸುದಾರರ ಪರವಾಗಿ ಪಡೆಯುತ್ತಾರೆ. ಹಣ ಯಾರಿಗೆ ಸೇರಬೇಕೆಂಬುದನ್ನು ಉಯಿಲು ಅಥವಾ ಉತ್ತರಾಧಿಕಾರ ಕಾನೂನು ತೀರ್ಮಾನಿಸುತ್ತದೆ." ಹೊಸ ಶೇಕಡಾ ಖಾನೆಯ ಪಕ್ಕದಲ್ಲಿಯೂ ಇದೇ ಮಾತು ಇರಲಿ. ಜೊತೆಗೆ, ನಾಮಿನಿಯಲ್ಲದವರು ತಕರಾರು ಅರ್ಜಿ ತಂದರೆ ಮೊಹರು ಒತ್ತಿ ಕಳುಹಿಸುವ ಬದಲು, ನ್ಯಾಯಾಲಯದ ಆದೇಶವಿಲ್ಲದೆ ಹಣ ನಿಲ್ಲುವುದಿಲ್ಲ ಎಂದೂ, ಹಣ ಕೊಟ್ಟ ಮೇಲೂ ನಾಮಿನಿಯಿಂದ ತಮ್ಮ ಪಾಲು ಕೇಳುವ ಹಕ್ಕು ಉಳಿದಿರುತ್ತದೆ ಎಂದೂ ಬರೆದ ಒಂದು ಚೀಟಿಯನ್ನು ಕೈಗೆ ಕೊಡಬೇಕು.

ವಿಮಾ ಪ್ರಾಧಿಕಾರದ ಅಧ್ಯಕ್ಷರಲ್ಲಿ ಕೇಳುವುದು ಸ್ವಲ್ಪ ಬೇರೆ. 2004ರಲ್ಲಿ ಕಾನೂನು ಆಯೋಗವು ತನ್ನ 190ನೆಯ ವರದಿಯಲ್ಲಿ, ಹಣವನ್ನು ಸ್ವೀಕರಿಸಿ ಹಂಚುವ ನಾಮಿನಿ ಮತ್ತು ಹಣವನ್ನು ತಾನೇ ಅನುಭವಿಸುವ ನಾಮಿನಿ ಎಂಬ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿ, ಆಯ್ಕೆಯನ್ನು ಪಾಲಿಸಿದಾರರಿಗೇ ಬಿಡಬೇಕೆಂದು ಸಲಹೆ ಮಾಡಿತ್ತು. ಅರ್ಜಿಯಲ್ಲಿ ಆ ಎರಡು ಆಯ್ಕೆಗಳನ್ನು ಕೇಳಿದರೆ, ಮುಂದೆ ವ್ಯಾಜ್ಯವಾದಾಗ ಸತ್ತವರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಒಂದು ಬರಹವಾದರೂ ಇರುತ್ತದೆ. ಅಲ್ಲಿಯವರೆಗೆ, ಹೈಕೋರ್ಟಿನ ತೀರ್ಪು ಇರುವ ನಮ್ಮ ರಾಜ್ಯದಲ್ಲಿ "ಯಾರೂ ಕೇಳುವ ಹಾಗಿಲ್ಲ" ಎಂದು ನಾಮಿನಿಗಳಿಗೆ ಹೇಳಬಾರದೆಂದು ಸಂಸ್ಥೆಗಳ ಶಾಖೆಗಳಿಗೂ ಏಜೆಂಟರಿಗೂ ತಿಳಿಸಿಕೊಡಬೇಕು.

ನಮ್ಮ ಬೀದಿಯ ಪ್ರಕರಣ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮುಂದೆ ಹೋಯಿತು. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತವೆಂಬುದೂ ಅವಳಿಗೆ ತಿಳಿದಿರಲಿಲ್ಲ. ಅತ್ತೆ ವಿಮೆಯ ಹಣದಲ್ಲಿ ಸೊಸೆಯ ಮತ್ತು ಮೊಮ್ಮಕ್ಕಳ ಪಾಲನ್ನು ಬಿಟ್ಟುಕೊಟ್ಟರು. ಠೇವಣಿಯಲ್ಲಿ ತಮ್ಮ ಪಾಲಿನ 2 ಲಕ್ಷವನ್ನು ಹಿರಿಯ ಮಗನಿಂದ ಕೇಳುವುದಿಲ್ಲ ಎಂದರು. ಅಣ್ಣ 2 ಲಕ್ಷವನ್ನು ಒಮ್ಮೆಗೇ ತಂದಿಟ್ಟು, ಉಳಿದ 4 ಲಕ್ಷವನ್ನು ತಿಂಗಳಿಗೆ 10,000 ರೂಪಾಯಿಯಂತೆ ಕೊಡುವುದಾಗಿ ಬರೆದುಕೊಟ್ಟಿದ್ದಾನೆ. ನಲವತ್ತು ಕಂತು. ಹಳೆಯ ಗುಮಾಸ್ತನೆಂಬ ಕಾರಣಕ್ಕೆ ಕಂತುಗಳ ಪುಸ್ತಕವನ್ನು ನನ್ನಲ್ಲೇ ಇಟ್ಟಿದ್ದಾರೆ. ಅಣ್ಣನ ಮನೆಯವರೂ ಆ ವಿಧವೆಯೂ ಇನ್ನೂ ಮಾತು ಆಡುತ್ತಿಲ್ಲವಾದ್ದರಿಂದ ಪ್ರತಿ ತಿಂಗಳ ಹಣ ನನ್ನ ಜಗುಲಿಯ ಮೇಲೆಯೇ ಕೈ ಬದಲಾಗುತ್ತದೆ.

ತಮ್ಮ ಉತ್ತರಕ್ಕಾಗಿ ಕಾಯುತ್ತಾ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ
ಹಾವೇರಿ ಜಿಲ್ಲೆ